ಹಳದಿ ಮೇಲೆ ಕೆಂಪು ಸರಿ, ಹಸಿರಿನ ಮೇಲೆ?

ಅಕ್ಟೋಬರ್ ಕೊನೆಯ ವಾರ ಬಂತೆಂದರೆ ಊರೂರಿನ ಡಿಟಿಪಿ ಅಂಗಡಿಗಳಲ್ಲಿ ಹೆಚ್ಚುಕಡಿಮೆ ಒಂದೇ ಪೋಸ್ಟರ್ ಸಿದ್ಧವಾಗುತ್ತದೆ. ಬಾವುಟದ ಹಳದಿಯ ಹಿನ್ನೆಲೆ, ಅದರ ಮೇಲೆ ಬಾವುಟದ ಕೆಂಪಿನಲ್ಲಿ ‘ಕನ್ನಡ ರಾಜ್ಯೋತ್ಸವ’ ಎಂಬ ದಪ್ಪ ತಲೆಬರಹ, ಕೆಳಗೆ ಹಸಿರು ತುಂಬಿದ ಕರ್ನಾಟಕದ ನಕ್ಷೆ. ನಕ್ಷೆಯ ಒಡಲನ್ನು ಖಾಲಿ ಬಿಡುವುದೇಕೆಂದು ದಿನಾಂಕ, ಸಮಯ, ಸ್ಥಳ, ಅತಿಥಿಗಳ ಹೆಸರುಗಳನ್ನೆಲ್ಲ ಅದೇ ಕೆಂಪಿನಲ್ಲಿ ಅದರೊಳಗೇ ಕೂರಿಸುತ್ತಾರೆ. ಪರದೆಯ ಮೇಲೆ ಹಬ್ಬದ ಕಳೆ ಬರುತ್ತದೆ. ಪ್ರೂಫ್ ನೋಡುವವರು ಕಾಗುಣಿತ ತಿದ್ದುತ್ತಾರೆ, ಯಾರ ಹೆಸರಾದರೂ ಬಿಟ್ಟುಹೋಗಿದೆಯೇ ಎಂದು ಎರಡು ಸಲ ನೋಡುತ್ತಾರೆ. ಪೋಸ್ಟರ್ ಅಚ್ಚಿಗೆ ಹೋಗುತ್ತದೆ.

ಗೋಡೆಗೆ ಅಂಟಿಸಿದ ಮೇಲೆ ಅದರ ಮುಂದೆ ನಿಂತ ಕೆಲವರಿಗೆ ತಲೆಬರಹ ಚೆನ್ನಾಗಿಯೇ ಕಾಣುತ್ತದೆ. ಕಾರ್ಯಕ್ರಮ ಎಷ್ಟು ಗಂಟೆಗೆ, ಎಲ್ಲಿ ಎಂಬುದು ಮಾತ್ರ ಕಾಣುವುದಿಲ್ಲ. ಅವರ ಕಣ್ಣಿಗೆ ನಕ್ಷೆಯೂ ಅದರೊಳಗಿನ ಅಕ್ಷರಗಳೂ ಒಂದೇ ಕಂದು. ಅವರಿಗೆ ದೃಷ್ಟಿ ಮಂದವಾಗಿಲ್ಲ, ಕನ್ನಡಕವೂ ಬೇಕಿಲ್ಲ. ಅವರಿಗಿರುವುದು ಹುಟ್ಟಿನಿಂದ ಬಂದ ವರ್ಣಾಂಧತೆ.

ಒಂದೇ ಕೆಂಪು ಹಳದಿಯ ಮೇಲೆ ಉಳಿದು ಹಸಿರಿನ ಮೇಲೆ ಮಾಯವಾಗುವುದು ಹೇಗೆ? ಅಚ್ಚಿಗೆ ಹೋಗುವ ಮೊದಲೇ ಅದನ್ನು ಹಿಡಿಯುವುದು ಹೇಗೆ? ಈ ಒಂದು ಪೋಸ್ಟರನ್ನೇ ಮುಂದಿಟ್ಟುಕೊಂಡು ನೋಡೋಣ.

ಕಣ್ಣಿನೊಳಗೆ ಏನಾಗುತ್ತದೆ

ನಮ್ಮ ಅಕ್ಷಿಪಟಲದಲ್ಲಿ ಬಣ್ಣ ಗ್ರಹಿಸುವ ಶಂಕು ಕೋಶಗಳು ಮೂರು ಬಗೆ. ಒಂದು ನೀಲಿಯ ಕಡೆಯ ಬೆಳಕಿಗೆ ಹೆಚ್ಚು ಸ್ಪಂದಿಸುತ್ತದೆ. ಉಳಿದೆರಡನ್ನು ವಾಡಿಕೆಯಲ್ಲಿ ಹಸಿರು ಶಂಕು, ಕೆಂಪು ಶಂಕು ಎನ್ನುತ್ತಾರೆ. ಇವೆರಡೂ ಬಹಳ ಹತ್ತಿರದ ನೆಂಟರು. ಹಸಿರು ಶಂಕು ಸುಮಾರು 530 ನ್ಯಾನೊಮೀಟರ್ ತರಂಗಾಂತರದ ಬೆಳಕಿಗೆ, ಕೆಂಪು ಶಂಕು ಸುಮಾರು 560ಕ್ಕೆ ಅತಿ ಹೆಚ್ಚು ಸ್ಪಂದಿಸುತ್ತವೆ. ನಡುವಿನ ಅಂತರ 30 ನ್ಯಾನೊಮೀಟರ್ ಅಷ್ಟೆ. ಹಸಿರು, ಹಳದಿ, ಕಿತ್ತಳೆ, ಕೆಂಪುಗಳನ್ನು ಮಿದುಳು ಬೇರೆ ಬೇರೆಯಾಗಿ ಗುರುತಿಸುವುದು ಈ ಎರಡು ಶಂಕುಗಳ ವರದಿಯಲ್ಲಿರುವ ಸಣ್ಣ ವ್ಯತ್ಯಾಸವನ್ನು ಹಿಡಿದು. ಇಬ್ಬರು ಸಾಕ್ಷಿಗಳ ಹೇಳಿಕೆಯನ್ನು ತಾಳೆ ನೋಡಿ ಸತ್ಯ ಕಂಡುಕೊಂಡ ಹಾಗೆ. ಒಬ್ಬ ಸಾಕ್ಷಿ ಬರಲೇ ಇಲ್ಲವೆಂದರೆ, ಇಲ್ಲವೇ ಇಬ್ಬರೂ ಒಂದೇ ಮಾತು ಹೇಳಿದರೆ, ತಾಳೆ ನೋಡಲು ಏನೂ ಉಳಿಯುವುದಿಲ್ಲ.

ಈ ಎರಡು ಶಂಕುಗಳ ವರ್ಣದ್ರವ್ಯವನ್ನು ರೂಪಿಸುವ ವಂಶವಾಹಿಗಳು ಎಕ್ಸ್ ವರ್ಣತಂತುವಿನ ಮೇಲೆ ಅಕ್ಕಪಕ್ಕದಲ್ಲೇ ಇವೆ. ಗಂಡಸರಿಗೆ ಇರುವುದು ಒಂದೇ ಎಕ್ಸ್. ಅದರಲ್ಲಿ ದೋಷವಿದ್ದರೆ ಸರಿದೂಗಿಸಲು ಇನ್ನೊಂದಿಲ್ಲ. ಆದ್ದರಿಂದಲೇ ಕೆಂಪು-ಹಸಿರಿನ ವರ್ಣಾಂಧತೆ ಗಂಡಸರಲ್ಲಿ ಹೆಚ್ಚು, ಹೆಂಗಸರಲ್ಲಿ ವಿರಳ. ತಾಯಿಯ ತಂದೆಗೆ ಇದ್ದದ್ದು ತಾಯಿಯಲ್ಲಿ ಕಾಣಿಸದೆ ಮೊಮ್ಮಗನಲ್ಲಿ ಕಾಣಿಸಿಕೊಳ್ಳುವುದೂ ಇದರಿಂದಲೇ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಇದು ನೂರಕ್ಕೆ ಸುಮಾರು ಎಂಟು ಮಂದಿಗೆ, ಹೆಂಗಸರಲ್ಲಿ ಸುಮಾರು ಇನ್ನೂರರಲ್ಲಿ ಒಬ್ಬರಿಗೆ ಇದೆ. ನಮ್ಮ ದೇಶದ ಸಮೀಕ್ಷೆಗಳಲ್ಲಿ ಕಂಡ ಪ್ರಮಾಣ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಎಷ್ಟೋ ಜನರಿಗೆ ತಮಗಿದು ಇದೆಯೆಂದು ಗೊತ್ತಾಗುವುದೇ ರೈಲ್ವೆ ಕೆಲಸಕ್ಕೋ ಪೊಲೀಸ್ ಕೆಲಸಕ್ಕೋ ವೈದ್ಯಕೀಯ ತಪಾಸಣೆಗೆ ಹೋದಾಗ. ಅಲ್ಲಿ ಚುಕ್ಕಿಗಳ ನಡುವೆ ಅಂಕಿ ಅಡಗಿಸಿಟ್ಟ ಹಾಳೆಗಳನ್ನು ತೋರಿಸುತ್ತಾರಲ್ಲ, ಅವು ಜಪಾನಿನ ವೈದ್ಯ ಶಿನೊಬು ಇಶಿಹಾರಾ 1917ರಲ್ಲಿ ಪ್ರಕಟಿಸಿದ ಹಾಳೆಗಳು.

ಕೆಂಪು ಶಂಕು ಕೆಲಸ ಮಾಡದಿರುವುದು ಒಂದು ಬಗೆ, ಹಸಿರು ಶಂಕು ಕೆಲಸ ಮಾಡದಿರುವುದು ಇನ್ನೊಂದು ಬಗೆ. ಹೆಚ್ಚಿನವರಲ್ಲಿ ಆ ಶಂಕು ಪೂರ್ತಿ ಇಲ್ಲವೆಂದಲ್ಲ, ಅದರ ಸ್ಪಂದನೆ ಪಕ್ಕದ ಶಂಕುವಿನ ಕಡೆಗೆ ವಾಲಿರುತ್ತದೆ. ಅಂಥವರಿಗೆ ತೊಂದರೆ ಸ್ವಲ್ಪ ಕಡಿಮೆ. ಎರಡೂ ಬಗೆಯವರಿಗೆ ಕೆಂಪು-ಹಸಿರು ಗೊಂದಲವೇ ಆದರೂ ಪೋಸ್ಟರ್ ಮಾಡುವವರು ನೆನಪಿಡಬೇಕಾದ ಒಂದು ವ್ಯತ್ಯಾಸವಿದೆ. ಕೆಂಪು ಶಂಕು ಇಲ್ಲದವರಿಗೆ ಕೆಂಪು ಬಣ್ಣ ಬೇರೆಯಾಗಿ ಕಾಣುವುದಷ್ಟೇ ಅಲ್ಲ, ಕಪ್ಪಾಗಿಯೂ ಕಾಣುತ್ತದೆ. ಕೆಂಪು ಬೆಳಕನ್ನು ಹಿಡಿಯಬೇಕಾದ ಕೋಶವೇ ಅವರಲ್ಲಿಲ್ಲ. ಹಸಿರು ಶಂಕು ಇಲ್ಲದವರಿಗೆ ಹೀಗಾಗುವುದಿಲ್ಲ.

ಓದಿಸುವುದು ತಿಳಿ-ಗಾಢದ ಅಂತರ

ಎರಡು ಬಣ್ಣಗಳ ನಡುವೆ ಎರಡು ರೀತಿಯ ಭೇದವಿರಬಹುದು. ಒಂದು, ಬಣ್ಣವೇ ಬೇರೆ ಎಂಬ ಭೇದ. ಇನ್ನೊಂದು, ಒಂದು ತಿಳಿ, ಒಂದು ಗಾಢ ಎಂಬ ಭೇದ. ಅಕ್ಷರದ ಸೂಕ್ಷ್ಮ ಅಂಚುಗಳನ್ನು ನಮ್ಮ ಕಣ್ಣು ಹಿಡಿಯುವುದು ಮುಖ್ಯವಾಗಿ ಎರಡನೆಯದರಿಂದ. ಬರೀ ಬಣ್ಣದ ಭೇದವನ್ನು ಕಣ್ಣು ಒರಟಾಗಿಯಷ್ಟೇ ಗ್ರಹಿಸುತ್ತದೆ. ಇದು ಎಲ್ಲರ ಕಣ್ಣಿಗೂ ಅನ್ವಯಿಸುವ ಮಾತು. ಜೆಪೆಗ್ ಮಾದರಿಯಲ್ಲಿ ಚಿತ್ರವನ್ನು ಚಿಕ್ಕದು ಮಾಡುವಾಗ ತಿಳಿ-ಗಾಢದ ವಿವರವನ್ನು ಉಳಿಸಿಕೊಂಡು ಬಣ್ಣದ ವಿವರವನ್ನು ಅರ್ಧಕ್ಕೆ ಇಳಿಸುವ ವಾಡಿಕೆ ಹುಟ್ಟಿದ್ದೂ ಇದರಿಂದಲೇ. ಹಸಿರಿನ ಮೇಲೆ ಕೆಂಪಿನಲ್ಲಿ ಬರೆದ ಪೋಸ್ಟರ್ ವಾಟ್ಸ್ಆ್ಯಪ್‌ನಲ್ಲಿ ನಾಲ್ಕು ಕೈ ದಾಟಿದ ಮೇಲೆ ಅಕ್ಷರದ ಅಂಚು ಕಲಸಿಹೋಗುವುದನ್ನು ನೀವು ನೋಡಿರಬಹುದು.

ಕನ್ನಡ ಲಿಪಿಗೆ ಇದು ಇನ್ನೂ ಹೆಚ್ಚು ತಟ್ಟುತ್ತದೆ. ದ ಮತ್ತು ಧ, ಪ ಮತ್ತು ಫ ಇವುಗಳ ನಡುವಿನ ವ್ಯತ್ಯಾಸ ಬುಡದಲ್ಲಿರುವ ಒಂದು ಚಿಕ್ಕ ಗೀಟು ಮಾತ್ರ. ಒತ್ತಕ್ಷರಗಳಂತೂ ಸಾಲಿನ ಕೆಳಗೆ ಅರ್ಧ ಗಾತ್ರದಲ್ಲಿ ಕೂತಿರುತ್ತವೆ. ಹಿನ್ನೆಲೆಗೂ ಅಕ್ಷರಕ್ಕೂ ಅಂತರ ಕಡಿಮೆಯಾದಾಗ ಮೊದಲು ಕರಗುವುದು ಇವೇ.

ಈ ತಿಳಿ-ಗಾಢದ ಅಂತರವನ್ನು ಅಳೆಯಲು ಒಂದು ಸಿದ್ಧ ಸೂತ್ರವಿದೆ. ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ 2008ರಲ್ಲಿ ವೆಬ್ ಪುಟಗಳಿಗಾಗಿ ಪ್ರಕಟಿಸಿದ ನಿಯಮಾವಳಿಯಲ್ಲಿ ಅದು ಸೇರಿದೆ. ಪೋಸ್ಟರ್ ಮಾಡುವವರೂ ಅದನ್ನೇ ಎರವಲು ಪಡೆಯುತ್ತಾರೆ.

```
(L1 + 0.05) / (L2 + 0.05)
```

ಇಲ್ಲಿ L1 ಎಂದರೆ ಎರಡರಲ್ಲಿ ತಿಳಿಯಾದ ಬಣ್ಣದ ಬೆಳಕಿನ ಪ್ರಮಾಣ, L2 ಗಾಢವಾದುದರ ಪ್ರಮಾಣ. ಅಚ್ಚ ಕಪ್ಪಿಗೆ 0, ಅಚ್ಚ ಬಿಳಿಗೆ 1. ಬಿಳಿಯ ಮೇಲೆ ಕಪ್ಪು ಬರೆದರೆ ಉತ್ತರ 21. ಎರಡೂ ಒಂದೇ ಬಣ್ಣವಾದರೆ 1. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಇರಬೇಕು, ದಪ್ಪ ತಲೆಬರಹಕ್ಕೆ 3 ಸಾಕು ಎಂಬುದು ನಿಯಮ. 4.5 ಬಂದದ್ದು ಹೇಗೆಂದರೆ, ಸಹಜ ದೃಷ್ಟಿಯವರಿಗೆ 3 ಸಾಕೆಂಬ ಹಳೆಯ ಮಾನದಂಡವನ್ನು ಸ್ವಲ್ಪ ದೃಷ್ಟಿ ಕುಂದಿದವರಿಗಾಗಿ ಒಂದೂವರೆ ಪಟ್ಟು ಏರಿಸಿದರು. ಅಂದರೆ ಈ ಸಂಖ್ಯೆಯನ್ನು ವರ್ಣಾಂಧರ ಕಣ್ಣನ್ನು ಅಳೆದು ನಿಗದಿ ಮಾಡಿದ್ದಲ್ಲ. ಇದು ಮುಂದೆ ಮುಖ್ಯವಾಗುತ್ತದೆ.

ಲೆಕ್ಕವನ್ನು ಕೈಯಲ್ಲಿ ಮಾಡಬೇಕಿಲ್ಲ. ಎರಡು ಬಣ್ಣಗಳ ಸಂಕೇತ ಕೊಟ್ಟರೆ ಉತ್ತರ ಕೊಡುವ Colour Contrast Analyser ಎಂಬ ಉಚಿತ ಸಾಫ್ಟ್‌ವೇರ್ ಇದೆ. ಆದರೆ ಸೂತ್ರದ ಹಿಂದಿನ ಒಂದು ಸಂಗತಿ ತಿಳಿದಿದ್ದರೆ ಒಳ್ಳೆಯದು. ಪರದೆಯ ಬಿಳಿ ಬೆಳಕಿನಲ್ಲಿ ಕಣ್ಣಿಗೆ ತೋರುವ ಪ್ರಕಾಶವನ್ನು ನೂರು ಪಾಲು ಮಾಡಿದರೆ ಹಸಿರಿನದು ಸುಮಾರು 72, ಕೆಂಪಿನದು 21, ನೀಲಿಯದು 7. ಈ ಪಾಲು ಸಹಜ ಕಣ್ಣಿನದು. ಕೆಂಪು ಶಂಕು ಇಲ್ಲದ ಕಣ್ಣಿನಲ್ಲಿ ಕೆಂಪಿನ ಪಾಲು ಇದರ ಅರ್ಧಕ್ಕೆ ಇಳಿಯುತ್ತದೆ.

ನಮ್ಮ ಪೋಸ್ಟರಿನ ಲೆಕ್ಕ

ಈಗ ಪೋಸ್ಟರಿಗೆ ಬರೋಣ. ಡಿಟಿಪಿಯವರು ಆರಿಸಿದ ಹಳದಿಯ ಸಂಕೇತ #FFCC00, ಕೆಂಪು #CC0000, ಹಸಿರು #008000 ಎಂದಿಟ್ಟುಕೊಳ್ಳಿ. ವರ್ಣಾಂಧರ ಕಣ್ಣಿನಲ್ಲಿ ಇವು ಏನಾಗುತ್ತವೆ ಎಂದು ತಿಳಿಯಲು ಫ್ರಾನ್ಸ್ವಾಜ್ ವಿಯೆನೊ, ಹಾನ್ಸ್ ಬ್ರೆಟೆಲ್, ಜಾನ್ ಮೋಲನ್ ಎಂಬ ಮೂವರು ವಿಜ್ಞಾನಿಗಳು 1999ರಲ್ಲಿ ಪ್ರಕಟಿಸಿದ ಲೆಕ್ಕಾಚಾರವನ್ನು ಬಳಸಬಹುದು. ಇನ್ನೊಬ್ಬರ ಕಣ್ಣಿಗೆ ಕಾಣುವ ಬಣ್ಣ ಅವರಿಗೆ ಹೇಗೆ ತಿಳಿಯಿತು ಎಂಬ ಪ್ರಶ್ನೆ ಸಹಜ. ಒಂದು ಕಣ್ಣು ಮಾತ್ರ ವರ್ಣಾಂಧವಾಗಿದ್ದು ಇನ್ನೊಂದು ಸಹಜವಾಗಿರುವ ಜನ ತೀರ ಅಪರೂಪಕ್ಕೆ ಸಿಗುತ್ತಾರೆ. ಅಂಥವರು ಎರಡು ಕಣ್ಣುಗಳಲ್ಲಿ ಕಂಡದ್ದನ್ನು ಹೋಲಿಸಿ ಹೇಳಿದ್ದೇ ಇಂಥ ಲೆಕ್ಕಾಚಾರಗಳಿಗೆ ಆಧಾರ.

ಮೊದಲು ತಲೆಬರಹ. ಹಳದಿಯ ಮೇಲೆ ಕೆಂಪು ಸಹಜ ಕಣ್ಣಿಗೆ 3.9 ಕೊಡುತ್ತದೆ. ದಪ್ಪ ಅಕ್ಷರಕ್ಕೆ ಸಾಕು. ಕೆಂಪು ಶಂಕು ಇಲ್ಲದವರಿಗೆ ಇದು 5.8ಕ್ಕೆ ಏರುತ್ತದೆ. ಅವರಿಗೆ ಕೆಂಪು ಕಪ್ಪಾಗಿ ಕಾಣುವುದರಿಂದ ಹಳದಿಯ ಮೇಲೆ ಇನ್ನಷ್ಟು ಎದ್ದು ನಿಲ್ಲುತ್ತದೆ. ಹಸಿರು ಶಂಕು ಇಲ್ಲದವರಿಗೆ 3.4ಕ್ಕೆ ಇಳಿಯುತ್ತದೆ, ಆದರೂ 3ರ ಗೆರೆಯ ಮೇಲೆಯೇ ಇದೆ. ಅಂದರೆ ಬಾವುಟದ ಎರಡು ಬಣ್ಣಗಳು ವರ್ಣಾಂಧರ ಮಟ್ಟಿಗೆ ಕೆಟ್ಟ ಜೋಡಿಯಲ್ಲ. ಒಂದು ತಿಳಿ, ಇನ್ನೊಂದು ಗಾಢ. ಬಣ್ಣ ಯಾವುದೆಂದು ತಿಳಿಯದವರಿಗೂ ಅಕ್ಷರ ಸಿಗುತ್ತದೆ.

ನಕ್ಷೆಯೊಳಗಿನ ಕತೆ ಬೇರೆ. ಹಸಿರಿನ ಮೇಲೆ ಕೆಂಪು ಸಹಜ ಕಣ್ಣಿಗೇ 1.1 ಮಾತ್ರ. ತಿಳಿ-ಗಾಢದ ಲೆಕ್ಕದಲ್ಲಿ ಎರಡೂ ಒಂದೇ. ಆದರೂ ನಾವು ಓದುತ್ತೇವೆ, ಏಕೆಂದರೆ ನಮಗೆ ಬಣ್ಣದ ಭೇದ ಕೈಹಿಡಿಯುತ್ತದೆ. ಹಸಿರು ಶಂಕು ಇಲ್ಲದವರಿಗೆ ಆ ಆಸರೆಯೂ ಇಲ್ಲ. ಅವರಿಗೂ ಅಂತರ 1.1. ಬಣ್ಣವನ್ನು ಲೆಕ್ಕ ಹಾಕಿದರೆ ಕೆಂಪೂ ಹಸಿರೂ ಹೆಚ್ಚುಕಡಿಮೆ ಒಂದೇ ಮಂಕು ಕಂದಾಗಿ ಬರುತ್ತವೆ. ಕೆಂಪು ಶಂಕು ಇಲ್ಲದವರಿಗೆ ಕೆಂಪು ಇನ್ನಷ್ಟು ಕಪ್ಪಾಗುವುದರಿಂದ ಅಂತರ 2ಕ್ಕೆ ಏರುತ್ತದೆ. ಅಲ್ಲೇನೋ ಬರೆದಿದೆ ಎಂದು ತಿಳಿಯುತ್ತದೆ, ಆರಾಮಾಗಿ ಓದಲು ಆಗುವುದಿಲ್ಲ.

ಹಾಗಾದರೆ ಕೆಂಪು-ಹಸಿರನ್ನು ಒಟ್ಟಿಗೆ ಬಳಸಲೇಬಾರದೇ? ಹಾಗೇನೂ ಇಲ್ಲ. ತೀರ ಗಾಢ ಹಸಿರಿನ ಮೇಲೆ ತೀರ ತಿಳಿ ಗುಲಾಬಿಗೆಂಪನ್ನು ಯಾರು ಬೇಕಾದರೂ ಓದಬಹುದು. ಅಕ್ಷರ ಕಾಣದಂತೆ ಮಾಡುವುದು ಒಂದೇ ಗಾಢತೆಯ ಎರಡು ಬಣ್ಣಗಳನ್ನು ಒಂದರ ಮೇಲೊಂದು ಇಡುವುದು.

ಸಂಖ್ಯೆ ಪಾಸು, ಪೋಸ್ಟರ್ ಫೇಲು

ಸಂಖ್ಯೆಯೊಂದನ್ನೇ ನಂಬಿದರೆ ಮೋಸ ಹೋಗುವ ಒಂದು ಜಾಗವಿದೆ. ನಾಟಕದ, ಸಿನಿಮಾದ ಪೋಸ್ಟರುಗಳಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಉರಿಗೆಂಪು ಅಕ್ಷರ ಬಹಳ ಜನಪ್ರಿಯ. #FF0000 ಎಂಬ ಅಚ್ಚ ಕೆಂಪನ್ನು ಕಪ್ಪಿನ ಮೇಲೆ ಇಟ್ಟು ಸಾಫ್ಟ್‌ವೇರಿಗೆ ಕೊಟ್ಟರೆ 5.25 ಎನ್ನುತ್ತದೆ. 4.5 ದಾಟಿತು, ಪಾಸು. ಆದರೆ ಕೆಂಪು ಶಂಕು ಇಲ್ಲದವರ ಕಣ್ಣಿಗೆ ಅದು ಸುಮಾರು 3. ಕೆಂಪನ್ನು ಸ್ವಲ್ಪ ಗಾಢ ಮಾಡಿ #CC0000 ಬಳಸಿದರೆ 2.3ಕ್ಕೆ ಇಳಿಯುತ್ತದೆ. ಟಿಕೆಟ್ ಸಿಗುವ ಜಾಗ, ಫೋನ್ ನಂಬರು ಇಂಥ ಸಣ್ಣ ಸಾಲುಗಳು ಕಪ್ಪಿನಲ್ಲಿ ಮುಳುಗುತ್ತವೆ.

ಸೂತ್ರದಲ್ಲಿ ಕೆಂಪಿಗೆ ಕೊಟ್ಟಿರುವ 21 ಪಾಲು ಸಹಜ ಕಣ್ಣಿನದು ಎಂದು ಆಗಲೇ ನೋಡಿದೆವಲ್ಲ, ಕಾರಣ ಅದೇ. ಆದ್ದರಿಂದ ಕೆಂಪು ಇರುವ ಯಾವುದೇ ಜೋಡಿಯಲ್ಲಿ ಕೆಂಪು ಎರಡರಲ್ಲಿ ಗಾಢವಾದದ್ದೋ ತಿಳಿಯಾದದ್ದೋ ಎಂದು ಮೊದಲು ನೋಡಬೇಕು. ಹಳದಿ, ಬಿಳಿ, ಕೆನೆಬಣ್ಣಗಳ ಮೇಲೆ ಕೆಂಪು ಗಾಢವಾದ ಪಕ್ಷ. ಅದು ಮತ್ತಷ್ಟು ಕಪ್ಪಾದರೆ ಲಾಭವೇ. ಕಪ್ಪು, ಕಡುನೀಲಿ, ಕಡುಗಂದುಗಳ ಮೇಲೆ ಕೆಂಪು ತಿಳಿಯಾದ ಪಕ್ಷ. ಅದು ಕಪ್ಪಾದಷ್ಟೂ ನಷ್ಟ. ಅಂಥಲ್ಲಿ ಕೆಂಪಿನ ಬದಲು ಕಿತ್ತಳೆ ಕಡೆಗೆ ವಾಲಿದ ಬಣ್ಣ ಬಳಸಿದರೆ ಅದರಲ್ಲಿ ಸೇರಿದ ಹಸಿರಿನ ಪಾಲು ಕೈಹಿಡಿಯುತ್ತದೆ. ಜಪಾನಿನ ಮಸಾತಾಕಾ ಒಕಾಬೆ ಮತ್ತು ಕೇಯಿ ಇತೊ ಎಂಬ ವಿಜ್ಞಾನಿಗಳು ಎಲ್ಲರಿಗೂ ಬೇರೆ ಬೇರೆಯಾಗಿ ಕಾಣುವ ಎಂಟು ಬಣ್ಣಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿದ್ದಾರೆ. ಅದರಲ್ಲಿ ಅಚ್ಚ ಕೆಂಪು ಇಲ್ಲ. ಅದರ ಜಾಗದಲ್ಲಿ #D55E00 ಎಂಬ ಸಿಂಧೂರ ಬಣ್ಣವಿದೆ. ಹಸಿರು ಕೂಡ #009E73, ಅಂದರೆ ನೀಲಿ ಕಡೆಗೆ ವಾಲಿದ ಹಸಿರು.

ಪರೀಕ್ಷೆ ಮಾಡುವ ಕ್ರಮ

ಮೊದಲ ಹೆಜ್ಜೆ, ಪೋಸ್ಟರನ್ನು ಕಪ್ಪು-ಬಿಳುಪು ಮಾಡಿ ನೋಡುವುದು. ಬಣ್ಣವೆಲ್ಲ ಹೋದ ಮೇಲೂ ಓದಲು ಬಂದರೆ ತಿಳಿ-ಗಾಢದ ಅಂತರ ಇದೆ ಎಂದಾಯಿತು. ನಮ್ಮ ಪೋಸ್ಟರಿನಲ್ಲಿ ನಕ್ಷೆಯೊಳಗಿನ ಸಾಲುಗಳು ಈ ಹೆಜ್ಜೆಯಲ್ಲೇ ಸಿಕ್ಕಿಬೀಳುತ್ತವೆ. ಆದರೆ ಫೋಟೋಶಾಪ್‌ನಲ್ಲಿ ಬಣ್ಣ ತೆಗೆಯುವ ದಾರಿ ಒಂದಕ್ಕಿಂತ ಹೆಚ್ಚಿವೆ, ಎಲ್ಲವೂ ಸರಿಯಲ್ಲ. Desaturate ಎಂಬ ಆಜ್ಞೆ ಕಣ್ಣಿನ ಲೆಕ್ಕ ಹಿಡಿಯುವುದಿಲ್ಲ. ಕೆಂಪು, ಹಸಿರು, ನೀಲಿ ಅಂಶಗಳಲ್ಲಿ ಅತಿ ಹೆಚ್ಚಿನದು ಮತ್ತು ಅತಿ ಕಡಿಮೆಯದು ಇವೆರಡರ ಸರಾಸರಿ ತೆಗೆದುಕೊಂಡು ಬೂದು ಮಾಡಿಬಿಡುತ್ತದೆ. ಅದರಲ್ಲಿ ಅಚ್ಚ ಹಳದಿಯೂ ಅಚ್ಚ ಕೆಂಪೂ ಒಂದೇ ಬೂದಾಗುತ್ತವೆ. ಚೆನ್ನಾಗಿ ಕಾಣುವ ತಲೆಬರಹವೂ ಮಾಯವಾದಂತೆ ತೋರುತ್ತದೆ. ಬಳಸಬೇಕಾದದ್ದು Image > Mode > Grayscale. ಗಿಂಪ್ ಬಳಸುವವರು ಬಣ್ಣ ತೆಗೆಯುವಾಗ Luminance ಎಂಬ ಆಯ್ಕೆಯನ್ನು ಹಿಡಿಯಬೇಕು.

ಎರಡನೆಯ ಹೆಜ್ಜೆ, ವರ್ಣಾಂಧರ ಕಣ್ಣಿನ ಅನುಕರಣೆ. ಕೆಂಪು-ಕಪ್ಪಿನಂಥ ಜೋಡಿಯ ದೋಷ ಕಪ್ಪು-ಬಿಳುಪಿನಲ್ಲಿ ಸಿಗುವುದಿಲ್ಲ, ಇಲ್ಲಿ ಸಿಗುತ್ತದೆ. ಫೋಟೋಶಾಪ್ ಮತ್ತು ಇಲ್ಲಸ್ಟ್ರೇಟರ್‌ಗಳಲ್ಲಿ View > Proof Setup ಒಳಗೆ Color Blindness ಹೆಸರಿನ ಎರಡು ಆಯ್ಕೆಗಳಿವೆ. Protanopia-type ಎಂದರೆ ಕೆಂಪು ಶಂಕು ಇಲ್ಲದ ಕಣ್ಣು, Deuteranopia-type ಎಂದರೆ ಹಸಿರು ಶಂಕು ಇಲ್ಲದ ಕಣ್ಣು. ಎರಡನ್ನೂ ನೋಡಬೇಕು, ಏಕೆಂದರೆ ಒಂದರಲ್ಲಿ ಏರಿದ ಅಂತರ ಇನ್ನೊಂದರಲ್ಲಿ ಇಳಿಯುವುದನ್ನು ತಲೆಬರಹದಲ್ಲೇ ಕಂಡೆವು. ಗಿಂಪ್‌ನಲ್ಲಿ View > Display Filters ಒಳಗೆ Color Deficient Vision ಇದೆ. ಪೋಸ್ಟರನ್ನು ಬೇರೆ ಯಾವುದೇ ಸಾಫ್ಟ್‌ವೇರಿನಲ್ಲಿ ಮಾಡಿದ್ದರೂ ಚಿಂತೆಯಿಲ್ಲ. Color Oracle ಎಂಬ ಉಚಿತ ಸಾಫ್ಟ್‌ವೇರ್ ಇಡೀ ಕಂಪ್ಯೂಟರ್ ಪರದೆಯನ್ನೇ ಆ ಕಣ್ಣಿನಿಂದ ತೋರಿಸುತ್ತದೆ.

ಮೊಬೈಲಿನಲ್ಲಿ ನೋಡುವವರು ಒಂದು ಎಚ್ಚರ ವಹಿಸಬೇಕು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್‌ನಲ್ಲಿ Color correction, ಐಫೋನಿನಲ್ಲಿ Color Filters ಎಂದು ಇರುತ್ತದೆ, ಅಲ್ಲಿ ವರ್ಣಾಂಧತೆಯ ಬಗೆಗಳ ಹೆಸರುಗಳೂ ಇರುತ್ತವೆ. ಅವು ಅನುಕರಣೆಯಲ್ಲ. ವರ್ಣಾಂಧರಿಗೆ ನೆರವಾಗಲೆಂದು ಗೊಂದಲವಾಗುವ ಬಣ್ಣಗಳನ್ನು ದೂರ ಸರಿಸುವ ಸೌಲಭ್ಯ ಅದು. ಅದನ್ನು ಹಾಕಿಕೊಂಡು ಪೋಸ್ಟರ್ ನೋಡಿ ‘ಚೆನ್ನಾಗಿದೆ’ ಎಂದರೆ ತೀರ್ಪು ತಲೆಕೆಳಗಾದಂತೆ. ಆಂಡ್ರಾಯ್ಡ್‌ನಲ್ಲಿ ನಿಜವಾದ ಅನುಕರಣೆ ಇರುವುದು Developer options ಒಳಗಿನ Simulate color space ಎಂಬಲ್ಲಿ.

ಮೂರನೆಯ ಹೆಜ್ಜೆ, ಸಂಖ್ಯೆ ತೆಗೆಯುವುದು. ಕಣ್ಣಿಗೆ ಅನುಮಾನ ಬಂದ ಜೋಡಿಗಳನ್ನೆಲ್ಲ ಅಳೆಯಬೇಕು. ಅನುಕರಣೆಯ ಚಿತ್ರದಿಂದಲೇ ಬಣ್ಣ ಹೆಕ್ಕಿ ಸಾಫ್ಟ್‌ವೇರಿಗೆ ಕೊಟ್ಟರೆ ಆ ಕಣ್ಣಿನ ಸಂಖ್ಯೆ ಅಂದಾಜಾಗಿ ಸಿಗುತ್ತದೆ. ಹಿನ್ನೆಲೆ ಒಂದೇ ಬಣ್ಣವಲ್ಲದೆ ಹಳದಿಯಿಂದ ಕೆಂಪಿಗೆ ಜಾರುವಂತಿದ್ದರೆ ಅಥವಾ ಹಿಂದೆ ಫೋಟೋ ಇದ್ದರೆ, ಅಕ್ಷರದ ಬಣ್ಣಕ್ಕೆ ಅತಿ ಹತ್ತಿರವಾದ ಜಾಗದಲ್ಲಿ ಅಳೆಯಬೇಕು. ಸಾಲಿನ ಮೊದಲ ಪದ ಓದಲು ಬಂದು ಕೊನೆಯ ಪದ ಬರದಿದ್ದರೆ ಆ ಸಾಲು ಕೆಟ್ಟಂತೆಯೇ.

ತಿದ್ದಿದ ಪೋಸ್ಟರ್

ರಾಜ್ಯೋತ್ಸವದ ಪೋಸ್ಟರಿನಿಂದ ಹಳದಿ-ಕೆಂಪನ್ನು ತೆಗೆಯಿರಿ ಎಂದರೆ ಯಾರೂ ಒಪ್ಪುವುದಿಲ್ಲ, ತೆಗೆಯಬೇಕಾಗಿಯೂ ಇಲ್ಲ. ಎರಡು ಬದಲಾವಣೆ ಸಾಕು. ಅಕ್ಷರದ ಕೆಂಪನ್ನು #800000ಕ್ಕೆ, ಅಂದರೆ ಕಡುಗೆಂಪಿಗೆ ಇಳಿಸುವುದು ಒಂದು. ನಕ್ಷೆಯೊಳಗಿನ ಅಕ್ಷರವನ್ನು ಬಿಳಿ ಮಾಡುವುದು ಇನ್ನೊಂದು. ನಕ್ಷೆಯ ಹಸಿರು ಹಾಗೇ ಇರಲಿ.

| ಜೋಡಿ | ಸಹಜ ಕಣ್ಣು | ಕೆಂಪು ಶಂಕು ಇಲ್ಲದ ಕಣ್ಣು | ಹಸಿರು ಶಂಕು ಇಲ್ಲದ ಕಣ್ಣು |
|---|---|---|---|
| ಹಳದಿ ಮೇಲೆ ಕೆಂಪು (ಮೊದಲು) | 3.9 | 5.8 | 3.4 |
| ಹಳದಿ ಮೇಲೆ ಕಡುಗೆಂಪು (ನಂತರ) | 7.2 | 9.0 | 6.6 |
| ಹಸಿರಿನ ಮೇಲೆ ಕೆಂಪು (ಮೊದಲು) | 1.1 | 2.0 | 1.1 |
| ಹಸಿರಿನ ಮೇಲೆ ಬಿಳಿ (ನಂತರ) | 5.1 | 4.6 | 5.5 |

ತಿದ್ದಿದ ಎರಡು ಜೋಡಿಗಳೂ ಮೂರು ಕಣ್ಣುಗಳಲ್ಲೂ 4.5 ದಾಟಿವೆ. ಸಹಜ ಕಣ್ಣಿನವರಿಗೂ ಓದು ಸುಲಭವಾಗಿದೆ ಎಂಬುದನ್ನು ಗಮನಿಸಿ. ಮೊದಲಿನ ಕೆಂಪಿನಲ್ಲಿ ತಲೆಬರಹ ಮಾತ್ರ ನಡೆಯುತ್ತಿತ್ತು. ಹಳದಿಯ ಮೇಲೆ ಕಡುಗೆಂಪಿನಲ್ಲಾದರೆ ಸಣ್ಣ ಸಾಲುಗಳನ್ನೂ ಬರೆಯಬಹುದು.

ಡಿಟಿಪಿಯವರು ಇಂಥ ಸಂದರ್ಭದಲ್ಲಿ ಇನ್ನೊಂದು ಉಪಾಯ ಹೇಳುತ್ತಾರೆ. ಬಣ್ಣ ಬದಲಿಸುವುದು ಬೇಡ, ಕೆಂಪು ಅಕ್ಷರಕ್ಕೆ ಸುತ್ತ ಔಟ್‌ಲೈನ್ ಕೊಡೋಣ ಎಂದು. ಬಿಳಿ ಔಟ್‌ಲೈನ್ ಕೊಟ್ಟರೆ ದೊಡ್ಡ ಅಕ್ಷರದಲ್ಲಿ ಇದು ಕೆಲಸ ಮಾಡುತ್ತದೆ, ಏಕೆಂದರೆ ಬಿಳಿಗೆ ಕೆಂಪಿನಿಂದಲೂ ಹಸಿರಿನಿಂದಲೂ ಸಾಕಷ್ಟು ಅಂತರವಿದೆ. ಸಣ್ಣ ಅಕ್ಷರದಲ್ಲಿ ತೊಂದರೆಯಾಗುತ್ತದೆ. ಔಟ್‌ಲೈನ್ ಒಳಮುಖವಾಗಿ ಬೆಳೆದು ಅಕ್ಷರದ ಗೆರೆಯನ್ನೇ ತಿನ್ನುತ್ತದೆ, ಹೊರಮುಖವಾಗಿ ಬೆಳೆದು ಒತ್ತಕ್ಷರವನ್ನು ಮೇಲಿನ ಅಕ್ಷರಕ್ಕೆ ಅಂಟಿಸುತ್ತದೆ. ಆದ್ದರಿಂದ ತಲೆಬರಹಕ್ಕೆ ಔಟ್‌ಲೈನ್ ಸರಿ, ಸಮಯ-ಸ್ಥಳದ ಸಾಲಿಗೆ ಬೇಡ.

ಪೋಸ್ಟರಿನ ಮೂಲೆಯಲ್ಲಿ ಮೈದಾನದ ಚಿಕ್ಕ ನಕ್ಷೆ ಹಾಕಿ, ಊಟದ ಜಾಗಕ್ಕೆ ಹಸಿರು ಚುಕ್ಕಿ, ವಾಹನ ನಿಲ್ಲಿಸುವ ಜಾಗಕ್ಕೆ ಕೆಂಪು ಚುಕ್ಕಿ ಇಟ್ಟಿದ್ದರೆ ಅದಕ್ಕೆ ಬೇರೆ ಪರಿಹಾರ ಬೇಕು. ಅಲ್ಲಿ ಚುಕ್ಕಿ ಕಾಣುವುದಷ್ಟೇ ಸಾಲದು, ಯಾವ ಚುಕ್ಕಿ ಎಂಬುದೂ ತಿಳಿಯಬೇಕು. ಒಂದನ್ನು ಚೌಕ, ಇನ್ನೊಂದನ್ನು ವೃತ್ತ ಮಾಡಿ ಪಕ್ಕದಲ್ಲಿ ಹೆಸರು ಬರೆದರೆ ಬಣ್ಣ ಯಾವುದಿದ್ದರೂ ನಡೆಯುತ್ತದೆ.

ಪರದೆಯ ಆಚೆಗೆ

ಇಷ್ಟು ಲೆಕ್ಕವೂ ಪರದೆಯ ಬಣ್ಣದ್ದು. ಅಚ್ಚಿನಲ್ಲಿ ಶಾಯಿ ಮತ್ತು ಕಾಗದ ಸೇರಿ ಬಣ್ಣವಾಗುತ್ತದೆ. ಪರದೆಯ ಹಸಿರು ಕಾಗದದ ಮೇಲೆ ಮಂಕಾಗಬಹುದು, ಕಡುಗೆಂಪು ಕಂದಿನ ಕಡೆಗೆ ಸರಿಯಬಹುದು. ಬಿಸಿಲಿಗೆ ಒಡ್ಡಿದ ಪೋಸ್ಟರಿನಲ್ಲಿ ಸಾಮಾನ್ಯವಾಗಿ ಹಳದಿ ಮತ್ತು ಗುಲಾಬಿ ಶಾಯಿಗಳು ಬೇಗ ಮಾಸುತ್ತವೆ. ಕೆಂಪು ಅಕ್ಷರ ಆಗುವುದು ಇವೆರಡೂ ಸೇರಿಯೇ, ಹಾಗಾಗಿ ಅದು ವಾರ ಕಳೆದಂತೆ ತೆಳುವಾಗುತ್ತದೆ. ಆದ್ದರಿಂದ ಪರದೆಯಲ್ಲಿ 4.5ರ ಗೆರೆಗೆ ತಾಗಿ ನಿಂತ ಜೋಡಿಯನ್ನು ನೆಚ್ಚಬಾರದು. ಸಮಯ, ಸ್ಥಳ, ಫೋನ್ ನಂಬರಿನಂಥ ಸಾಲುಗಳಿಗೆ 7ರ ಹತ್ತಿರ ಇಟ್ಟುಕೊಂಡರೆ ಅಚ್ಚಿನ ಏರುಪೇರನ್ನು ತಡೆದುಕೊಳ್ಳುತ್ತದೆ. ನಮ್ಮ ನಕ್ಷೆಯಲ್ಲಿ ಬಿಳಿ ಅಕ್ಷರಕ್ಕೆ ಸಿಕ್ಕಿರುವ 4.6 ಈ ದೃಷ್ಟಿಯಿಂದ ಕಡಿಮೆಯೇ. ಹಸಿರನ್ನು ಇನ್ನೊಂದು ಮಟ್ಟ ಗಾಢ ಮಾಡಬಹುದು, ಇಲ್ಲವೇ ಆ ಸಾಲುಗಳನ್ನು ನಕ್ಷೆಯಿಂದ ಹೊರಗೆ ತಂದು ಹಳದಿಯ ಮೇಲೆ ಕಡುಗೆಂಪಿನಲ್ಲಿ ಬರೆಯಬಹುದು. ಎರಡನೆಯದೇ ಮೇಲು.

ಅನುಕರಣೆಗೂ ಮಿತಿಯಿದೆ. ಅದು ತೋರಿಸುವುದು ಒಂದು ಶಂಕು ಪೂರ್ತಿ ಇಲ್ಲದ, ಪುಸ್ತಕದಲ್ಲಿರುವಂಥ ಕಣ್ಣನ್ನು. ನಿಜ ಜೀವನದಲ್ಲಿ ಹೆಚ್ಚಿನವರ ತೊಂದರೆ ಅದಕ್ಕಿಂತ ಕಡಿಮೆ, ಒಬ್ಬೊಬ್ಬರದು ಒಂದೊಂದು ಮಟ್ಟ. ಕಠಿಣ ಕಣ್ಣಿಗೆ ಓದಲು ಬಂದದ್ದು ಸೌಮ್ಯ ಕಣ್ಣಿಗೂ ಸಾಮಾನ್ಯವಾಗಿ ಬರುತ್ತದೆ ಎಂಬ ಭರವಸೆಯ ಮೇಲೆ ನಾವು ಅದನ್ನು ಬಳಸುತ್ತೇವೆ.

ಬಳಗದಲ್ಲಿ ವರ್ಣಾಂಧರಿದ್ದರೆ ಅಚ್ಚಿಗೆ ಹೋಗುವ ಮುಂಚೆ ಒಂದು ಪ್ರತಿಯನ್ನು ಅವರಿಗೆ ತೋರಿಸುವುದು ಎಲ್ಲಕ್ಕಿಂತ ಒಳ್ಳೆಯದು. ‘ಇದು ಯಾವ ಬಣ್ಣ ಹೇಳು’ ಎಂಬ ಪ್ರಶ್ನೆ ಮಾತ್ರ ಬೇಡ. ಅವರು ಬಾಲ್ಯದಿಂದ ಕೇಳಿ ಕೇಳಿ ಬೇಸತ್ತ ಪ್ರಶ್ನೆ ಅದು, ಪೋಸ್ಟರಿಗೆ ಅದರಿಂದ ಉಪಯೋಗವೂ ಇಲ್ಲ. ‘ಕಾಣಿಸುತ್ತದೆಯೇ’ ಎಂದೂ ಕೇಳಬೇಡಿ, ಸಂಕೋಚಕ್ಕೆ ಹೂಂ ಎಂದುಬಿಡುತ್ತಾರೆ. ಪ್ರತಿಯನ್ನು ಹತ್ತು ಅಡಿ ದೂರದಲ್ಲಿ ಹಿಡಿದು, ‘ಕಾರ್ಯಕ್ರಮ ಎಷ್ಟು ಗಂಟೆಗೆ, ಎಲ್ಲಿ?’ ಎಂದು ಕೇಳಿ. ತಡವರಿಸದೆ ಓದಿ ಹೇಳಿದರೆ ಅಚ್ಚಿಗೆ ಕಳಿಸಬಹುದು. ಹತ್ತಿರ ಬಂದು ಬಗ್ಗಿ ನೋಡಿದರೆ ಆ ಸಾಲಿನ ಬಣ್ಣವನ್ನು ಮತ್ತೆ ನೋಡಬೇಕು.